ವಿಡಿಯೊದಲ್ಲಿ ಮುಖ ಬದಲಿಸಲು 600 ಚಿತ್ರ ಸಾಕೇ?

ಒಬ್ಬ ನಟನ ಒಪ್ಪಿಗೆ ಪಡೆದು, ಅವರ ಮುಖವನ್ನು ಡ್ಯೂಪ್ ಮುಖದ ಮೇಲೆ ಕೂರಿಸಬೇಕು ಅಂತಿಟ್ಟುಕೊಳ್ಳಿ. DeepFaceLab ನಂಥ ಸಾಫ್ಟ್‌ವೇರ್‌ನಲ್ಲಿ ನಟನ ಮುಖಗಳು `data_src` ಫೋಲ್ಡರಿಗೆ, ಡ್ಯೂಪ್ ಮುಖಗಳು `data_dst` ಫೋಲ್ಡರಿಗೆ ಹೋಗುತ್ತವೆ. ನಟನ ಕಡೆಯಿಂದ ಆರಿಸಿ ತೆಗೆದ 600 ಚಿತ್ರ ಸಾಕೇ, ಸಾವಿರಾರು ಬೇಕೇ?

ಪರ: ಬಗೆಬಗೆಯಾಗಿದ್ದರೆ ಸಾಕು

ಕುರ್ಚಿಯಲ್ಲಿ ಕೂತು ಕೊಟ್ಟ 2 ನಿಮಿಷದ ಸಂದರ್ಶನ ಇದೆ. ಸೆಕೆಂಡಿಗೆ 25 ಫ್ರೇಮ್, ಒಟ್ಟು 3,000 ಚಿತ್ರ. ಕೇಳಲು ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಒಂದು ಫ್ರೇಮಿಗೂ ಅದರ ಪಕ್ಕದ್ದಕ್ಕೂ ಏನೂ ವ್ಯತ್ಯಾಸವಿಲ್ಲ. ನಟ ಉದ್ದಕ್ಕೂ ಕ್ಯಾಮೆರಾ ಕಡೆಗೇ ನೋಡಿದ್ದಾರೆ, ಬೆಳಕೂ ಒಂದೇ. ಒಂದೇ ಮುಖವನ್ನು 3,000 ಸಲ ನಕಲು ಮಾಡಿದಂತಾಯಿತು.

ಈಗ ಡ್ಯೂಪ್ ಎಡಕ್ಕೆ ಪೂರ್ತಿ ತಿರುಗಿ ನಗುತ್ತಾನೆ. ಚಿತ್ರಗಳಿಂದ ಕಲಿತು ಮುಖ ಬದಲಿಸುವ ಮಾಡೆಲ್ ಒಳಗೆ ಇಬ್ಬರ ಮುಖಕ್ಕೂ ಒಂದೇ ಎನ್‌ಕೋಡರ್ ಇರುತ್ತದೆ. ಮುಖ ಎತ್ತ ತಿರುಗಿದೆ, ಬಾಯಿ ಎಷ್ಟು ತೆರೆದಿದೆ, ಬೆಳಕು ಎಲ್ಲಿಂದ ಬಿದ್ದಿದೆ ಎಂಬುದನ್ನೆಲ್ಲ ಅದು ಅಡಕ ಮಾಡಿ ಕೊಡುತ್ತದೆ. ಅದನ್ನು ನೋಡಿ ಮುಖ ಬರೆಯುವುದು ನಟನ ಡಿಕೋಡರ್. ಅದು ಕಲಿತಿರುವುದು ನಟನ ಚಿತ್ರಗಳಿಂದ ಮಾತ್ರ. ನಟನ ಕೆನ್ನೆಯನ್ನು ಪಕ್ಕದಿಂದ ಕಂಡೇ ಇಲ್ಲದಿದ್ದರೆ ಅದು ಊಹೆ ಮಾಡುತ್ತದೆ. ಮೂಗಿನ ಅಂಚು ಕರಗುತ್ತದೆ, ಹಲ್ಲು ಬಿಳಿ ಪಟ್ಟಿಯಾಗುತ್ತದೆ, ಮುಖ ಡ್ಯೂಪ್‌ನದ್ದೂ ಅಲ್ಲ ನಟನದ್ದೂ ಅಲ್ಲ ಎನ್ನುವ ಹಾಗಾಗುತ್ತದೆ.

ಮಾಡೆಲ್ ಎಷ್ಟು ತಪ್ಪುತ್ತಿದೆ ಎಂದು ತರಬೇತಿಯಲ್ಲಿ ತೋರಿಸುವ ಲಾಸ್ ಅಂಕಿಯಲ್ಲಿ ಇದು ಗೊತ್ತಾಗುವುದಿಲ್ಲ. ನಟನ ಕಡೆಯ ಲಾಸ್ ಅಳೆಯುವುದು ಇರುವ ಚಿತ್ರಗಳ ಮೇಲೆ. ಇಲ್ಲದ ಕೋನದ ತಪ್ಪನ್ನು ಅದು ಹೇಳುವುದಾದರೂ ಹೇಗೆ? ಅಂಕಿ ಚೆನ್ನಾಗಿ ಇಳಿಯುತ್ತಲೇ ಇರುತ್ತದೆ. ತರಬೇತಿ ನಡೆಯುವಾಗ ಕಾಣುವ ಪ್ರಿವ್ಯೂನಲ್ಲಿ, ಬದಲಿಸಿದ ಮುಖ ತೋರಿಸುವ ಕೊನೆಯ ಕಾಲಂನಲ್ಲಿ, ಡ್ಯೂಪ್ ಪಕ್ಕಕ್ಕೆ ತಿರುಗಿದ ಸಾಲನ್ನು ಹುಡುಕಿ ನೋಡಬೇಕು. ರೋಗ ಇರುವುದು ಅಲ್ಲಿ.

ಇನ್ನೂ 3,000 ಫ್ರೇಮ್ ಸೇರಿಸಿದರೆ ಇದು ವಾಸಿಯಾಗದು. ನಟನನ್ನು ಕಿಟಕಿ ಬಳಿ, ಟ್ಯೂಬ್‌ಲೈಟ್ ಕೆಳಗೆ, ಹೊರಗೆ ನೆರಳಲ್ಲಿ ನಿಲ್ಲಿಸಿ ಫೋನಲ್ಲೇ ವಿಡಿಯೊ ತೆಗೆಯಿರಿ. ಪ್ರತಿ ಕಡೆಯೂ ತಲೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ತಿರುಗಿಸಲಿ. ಕಾಗುಣಿತ ಓದಿಸಿ: ಪ, ಬ, ಮ ಅಂದಾಗ ತುಟಿ ಮುಚ್ಚುತ್ತದೆ, ಊ ಅಂದಾಗ ಮುಂದೆ ಚಾಚುತ್ತದೆ, ಆ ಅಂದಾಗ ಬಾಯಿ ತೆರೆಯುತ್ತದೆ. ಕಣ್ಣು ಮುಚ್ಚಲಿ, ನಗಲಿ, ಹುಬ್ಬು ಗಂಟಿಕ್ಕಲಿ. ಆಮೇಲೆ ಮುಖಗಳನ್ನು ಯಾ ಕೋನದ ಪ್ರಕಾರ, ಅಂದರೆ ಎಡಬಲ ತಿರುವಿನ ಪ್ರಕಾರ, ಸಾಲಾಗಿ ಜೋಡಿಸಿ. ಗುಂಪಾಗಿರುವ ಎದುರುಮುಖಗಳಲ್ಲಿ ಒಂದರಂತೆ ಇನ್ನೊಂದು ಇರುವುದನ್ನು ಅಳಿಸಿ. ಅಪರೂಪದ ಪಕ್ಕದ ಮುಖಗಳನ್ನು ಹಾಗೇ ಬಿಡಿ. ಹೀಗೆ ಉಳಿದ 600 ಚಿತ್ರ ಆ ಸಂದರ್ಶನವನ್ನು ಸುಲಭವಾಗಿ ಸೋಲಿಸುತ್ತವೆ.

ತೆಳುಮಾಡುವುದಕ್ಕೂ ಕಾರಣವಿದೆ. ತರಬೇತಿಯಲ್ಲಿ ಚಿತ್ರಗಳನ್ನು ಅಡ್ಡಾದಿಡ್ಡಿಯಾಗಿ ಎತ್ತಿಕೊಳ್ಳಲಾಗುತ್ತದೆ. ನೂರಕ್ಕೆ ತೊಂಬತ್ತು ಎದುರುಮುಖಗಳೇ ಇದ್ದರೆ ಪಕ್ಕದ ಮುಖದ ಸರದಿ ಬರುವುದು ಅಪರೂಪ. DeepFaceLab ನ SAEHD ಎಂಬ ಮಾಡೆಲ್‌ನಲ್ಲಿ ಕೋನಗಳನ್ನು ಸಮವಾಗಿ ಎತ್ತಿಕೊಳ್ಳುವ ಆಯ್ಕೆ ಇದೆ. ಆದರೆ ಇಲ್ಲದ ಕೋನವನ್ನು ಅದೂ ಹುಟ್ಟಿಸದು.

ವಿರೋಧ: ಬಗೆ ಬೇಕು ನಿಜ, ಆದರೆ 600ಕ್ಕೆ ನಿಲ್ಲಬೇಡಿ

ಬಗೆಗಳನ್ನೇ ಎಣಿಸೋಣ. ಎಡಬಲಕ್ಕೆ 7 ಹಂತ, ಮೇಲೆ ಕೆಳಗೆ 5, ಮುಖಭಾವ 6, ಬೆಳಕು 4. ಗುಣಿಸಿದರೆ 840. ಒಂದೊಂದಕ್ಕೆ ಒಂದೇ ಚಿತ್ರ ಇಟ್ಟರೂ 600 ದಾಟಿತು. ಎಲ್ಲ ಜೋಡಣೆಯೂ ಬೇಕಿಲ್ಲ, ಒಪ್ಪುತ್ತೇನೆ. ಮಾಡೆಲ್ ನಡುವಿನದನ್ನು ತುಂಬಿಕೊಳ್ಳುತ್ತದೆ. ಆದರೂ ಒಂದು ಕೋನಕ್ಕೆ ಇರುವ ಒಂದೇ ಚಿತ್ರ ಮಸುಕಾಗಿದ್ದರೆ ಮಾಡೆಲ್ ಆ ಮಸುಕನ್ನೇ ಮುಖ ಎಂದು ಕಲಿಯುತ್ತದೆ. ನಾಲ್ಕಾರು ಚಿತ್ರಗಳಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಇದು ಸಂಖ್ಯೆಯ ಕೆಲಸ.

ಆರಿಸುವುದರಲ್ಲೂ ಅಪಾಯವಿದೆ. ಮಸುಕಿಲ್ಲದ ಸ್ಪಷ್ಟ ಚಿತ್ರ ಮಾತ್ರ ಇಟ್ಟುಕೊಳ್ಳುವಂತೆ ಜೋಡಿಸಿದರೆ, ಜೋರಾಗಿ ನಕ್ಕ ಕ್ಷಣಗಳೇ ಮೊದಲು ಹೋಗುತ್ತವೆ. ಮುಖ ಅಲುಗಾಡುವಾಗ ತೆಗೆದವು ತಾನೇ? ನಮಗೆ ಬೇಕಿದ್ದದ್ದೂ ಅವೇ.

ಬಗೆ ಎಂಬ ಹೆಸರಲ್ಲಿ ಸುಮ್ನೆ ಸಿಕ್ಕಿದ್ದನ್ನೆಲ್ಲ ತುಂಬುವವರೂ ಇದ್ದಾರೆ. ಹತ್ತು ವರ್ಷ ಹಿಂದಿನ ಫೋಟೊ, ಗಡ್ಡ ಇದ್ದದ್ದು, ಇಲ್ಲದ್ದು, ಮೇಕಪ್ ಹಾಕಿದ್ದು, ಫಿಲ್ಟರ್ ಬಿದ್ದದ್ದು, ಹತ್ತಿರ ಹಿಡಿದು ಮೂಗು ದೊಡ್ಡದಾಗಿ ಕಂಡ ಸೆಲ್ಫಿ. ಇದು ಬಗೆಯಲ್ಲ, ಕಲಬೆರಕೆ. ಎದುರುಮುಖಕ್ಕೆ ಗಡ್ಡವಿಲ್ಲ, ಪಕ್ಕದ ಮುಖಕ್ಕೆ ಇದೆ ಎಂದಾದರೆ ತಲೆ ತಿರುಗಿಸಿದಂತೆ ಗಡ್ಡ ಮೂಡಿ ಮಾಯವಾಗುತ್ತದೆ. ಕೋನ, ಭಾವ, ಬೆಳಕು ಬದಲಾಗಲಿ. ವಯಸ್ಸು, ಕೂದಲು, ತೂಕ ಬದಲಾಗಬಾರದು.

ಇನ್ನೊಂದು ಮಾತು. ಎಷ್ಟು ಬಗೆ ಬೇಕು ಎಂದು ಹೇಳುವುದು `data_dst`. ಡ್ಯೂಪ್ 8 ಸೆಕೆಂಡಿನ ಶಾಟ್‌ನಲ್ಲಿ ಎದುರಿಗೇ ನೋಡುತ್ತಾ ಮಾತಾಡಿದರೆ, ನಟನ ಪಕ್ಕದ ಮುಖಗಳಿಗೆ ಅಲ್ಲಿ ಕೆಲಸವಿಲ್ಲ. ಆ ಬೆಳಕಿನಲ್ಲಿ, ಆ ಕೋನದಲ್ಲಿ, ಬಾಯಿಯ ಎಲ್ಲ ಆಕಾರಗಳೊಂದಿಗೆ ತೆಗೆದ 1,500 ಚಿತ್ರವನ್ನೇ ನಾನು ಆರಿಸಿಕೊಳ್ಳುತ್ತೇನೆ. ಮೊದಲು ಡ್ಯೂಪ್ ಮುಖಗಳನ್ನು ಕೋನದ ಪ್ರಕಾರ ಜೋಡಿಸಿ ನೋಡಿ, ಆಮೇಲೆ ನಟನನ್ನು ಕರೆಯಿರಿ.