ಹುಡುಗ ಸೆಟಲ್ ಆಗ್ಯಾನೇನ್ರಿ?

ಸಾಲದ ದಾಖಲೆಯಲ್ಲಿರುವ ತಪ್ಪನ್ನು ಹೊತ್ತಿಗೆ ಸರಿಯಾಗಿ ತಿದ್ದದಿದ್ದರೆ ಗ್ರಾಹಕನಿಗೆ ದಿನಕ್ಕೆ ನೂರು ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ ಹೇಳಿದ್ದು ನಿಮಗೆ ಗೊತ್ತೇ ಇದೆ. ನಮ್ಮ ಗಂಗಾವತಿಯ ಚಹಾದಂಗಡಿಯಲ್ಲಿ ಈ ಸುದ್ದಿ ಚರ್ಚೆಗೆ ಬಂದಾಗ ಒಬ್ಬರು ತಕ್ಷಣ ಅದನ್ನು ಒಗ್ಗರಣಿ-ಮಿರ್ಚಿಗೆ ಪರಿವರ್ತಿಸಿದರು. ನೂರು ರೂಪಾಯಿಗೆ ಎರಡು ಪ್ಲೇಟು, ಮೇಲೆ ಚಹಾ. 'ಹಂಗಾರ ನಮ್ದೂ ಒಂದ್ ಸಾಲ ತಪ್ಪು ತೋರಿಸ್ಲಿ ಬಿಡ್ರಿ, ದಿನಾ ನಾಷ್ಟಾ ಆಗ್ತೈತಿ' ಎಂದರು. ಎಲ್ಲರೂ ನಕ್ಕೆವು. ನನ್ನ ಪಕ್ಕದಲ್ಲಿದ್ದ ಅಳಿಯ ಮಾತ್ರ ನಗಲಿಲ್ಲ. ಅವನ ನಾಷ್ಟಾ ಆಗಲೇ ಶುರುವಾಗಿತ್ತು.

ಅಳಿಯ ಎಂದರೆ ನನ್ನ ಅಕ್ಕನ ಮಗ. ರೈಸ್ ಮಿಲ್ಲಿನವರ ಗೂಡ್ಸ್ ಆಟೋ ಓಡಿಸುತ್ತಾನೆ. ಎರಡು ವರ್ಷದ ಸಾಲದಲ್ಲಿ ಬೈಕು ತೆಗೆದುಕೊಂಡಿದ್ದ. 2025ರ ಫೆಬ್ರುವರಿ 5ಕ್ಕೆ ಇಪ್ಪತ್ನಾಲ್ಕನೇ ಕಂತು ಹೋಯಿತು. ಅವತ್ತು ಸಂಜೆ ಬೈಕು ತೊಳೆದು, ನಿಂಬೆಹಣ್ಣು ಕಟ್ಟಿ, ನನ್ನ ಮನೆಗೆ ಪೇಡೆ ತಂದುಕೊಟ್ಟು 'ಮಾವ, ಸಾಲ ಮುಗೀತು' ಎಂದ. ಪಾಪ, ಕಂತು ಮುಗಿಯುವುದಕ್ಕೂ ಸಾಲ ಮುಗಿಯುವುದಕ್ಕೂ ನಡುವೆ ಒಂದು ತುಂಗಭದ್ರೆ ಹರಿಯುತ್ತದೆಂದು ಅವನಿಗೂ ಗೊತ್ತಿರಲಿಲ್ಲ, ಪೇಡೆ ತಿಂದ ನನಗೂ ಗೊತ್ತಿರಲಿಲ್ಲ.

ಮಾರ್ಚ್‌ನಲ್ಲಿ ಸ್ವಂತದ್ದೊಂದು ಆಟೋ ತೆಗೆದುಕೊಳ್ಳಲು ಬ್ಯಾಂಕಿಗೆ ಹೋದ. ಮ್ಯಾನೇಜರ್ ಕಂಪ್ಯೂಟರ್ ನೋಡಿ, 'ಬೈಕಿನ ಲೋನ್ ಇನ್ನೂ ಓಡಾಕ ಹತ್ತೈತಲ್ಲೋ' ಎಂದರು. ಕ್ರೆಡಿಟ್ ರಿಪೋರ್ಟಿನಲ್ಲಿ Active ಎಂದಿತ್ತು. Current Balance 1,180. Amount Overdue ಅದೂ 1,180. ಬೈಕು ಓಡುವುದಕ್ಕಿಂತ ಚೆನ್ನಾಗಿ ಸಾಲ ಓಡುತ್ತಿತ್ತು.

ಈ 1,180 ಎಲ್ಲಿಂದ ಬಂತು? ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಆಫೀಸಿಗೆ ಹೋಗಿ ಸಾಲದ ಖಾತೆಯ ಸ್ಟೇಟ್‌ಮೆಂಟ್ ಕೇಳಿದೆವು. ಕಂತಿನ ಪಟ್ಟಿ ಬೇರೆ, ಸ್ಟೇಟ್‌ಮೆಂಟ್ ಬೇರೆ; ಕೇಳಬೇಕಾದ್ದು ಎರಡನೆಯದನ್ನು. ಅದರಲ್ಲಿ ಹಿಂದಿನ ವರ್ಷ ಮಿಲ್ಲು ನಿಂತಿದ್ದ ಎರಡು ತಿಂಗಳು ಕಾಣಿಸಿದವು. ಐದನೇ ತಾರೀಖಿಗೆ ಖಾತೆಯಲ್ಲಿ ದುಡ್ಡಿರಲಿಲ್ಲ, ಕಂತು ಬೌನ್ಸ್ ಆಗಿತ್ತು. ವಾರದೊಳಗೆ ಹುಡುಗ ಕಂತು ಕಟ್ಟಿದ್ದ. ಆದರೆ ಬೌನ್ಸ್ ಚಾರ್ಜ್ ಐನೂರರಂತೆ ಎರಡು, ತಡವಾದದ್ದಕ್ಕೆ ನೂರಾ ಎಂಬತ್ತು, ಇವು ಬೇರೆ ಕಾಲಂನಲ್ಲಿ ಮೂಲೆ ಸೇರಿ ಕೂತಿದ್ದವು. ಪ್ರತಿ ತಿಂಗಳು ಖಾತೆಯಿಂದ ತಾನಾಗಿಯೇ ಕಡಿತವಾಗುತ್ತಿದ್ದದ್ದು ಕಂತಿನ ಮೊತ್ತ ಮಾತ್ರ. ಈ ಚಾರ್ಜುಗಳನ್ನು ಯಾರೂ ಮುಟ್ಟಿರಲಿಲ್ಲ. ಇಪ್ಪತ್ನಾಲ್ಕೂ ಕಂತು ಹೋದರೂ ಖಾತೆ ಸೊನ್ನೆಗೆ ಬರಲಿಲ್ಲ. ಸೊನ್ನೆಗೆ ಬರದ ಖಾತೆಯನ್ನು ಕಂಪ್ಯೂಟರ್ ಮುಚ್ಚುವುದಿಲ್ಲ.

ಕಂಪನಿಯ ಸೂಕ್ಷ್ಮತೆಯನ್ನು ಮೆಚ್ಚಲೇಬೇಕು. ಕಂತು ಒಂದು ದಿನ ತಡವಾದರೆ ಬೆಳಿಗ್ಗೆ ಏಳಕ್ಕೆ ಫೋನು. ಹುಟ್ಟುಹಬ್ಬಕ್ಕೆ ಮೆಸೇಜು. ದಸರಾಕ್ಕೆ ಮೆಸೇಜು. ಇಷ್ಟು ಸಲಿಗೆ ಇರುವ ಮನೆಯವರು 'ತಮ್ಮಾ, ನಿನ್ನ ಲೆಕ್ಕದಾಗ 1,180 ಉಳದೈತಿ' ಎಂದು ಹೇಳುವುದಕ್ಕೆ ಮಾತ್ರ ನಾಚಿಕೊಂಡರು.

ನಮ್ಮಜ್ಜನ ಕಾಲದ ಸಾಹುಕಾರ ನೆನಪಾದ. ಅವನ ಬಡ್ಡಿಯ ಬಗ್ಗೆ ಒಂದೂ ಒಳ್ಳೆಯ ಮಾತು ಹೇಳಲಾರೆ. ಭತ್ತ ಕಣದಲ್ಲಿರುವಾಗಲೇ ಚೀಲ ಎಣಿಸಲು ಬಂದು ಕೂರುತ್ತಿದ್ದನಂತೆ. ಆದರೆ ಕೊನೆಯ ರೂಪಾಯಿ ಕೈಗೆ ಬಿದ್ದ ದಿನ ಪೆಟ್ಟಿಗೆ ತೆಗೆದು, ರೆವಿನ್ಯೂ ಸ್ಟಾಂಪಿನ ಮೇಲೆ ಅಜ್ಜ ಹೆಬ್ಬೆಟ್ಟು ಒತ್ತಿದ ಪ್ರಾಮಿಸರಿ ನೋಟನ್ನು ಹುಡುಕಿ, ಅಜ್ಜನ ಎದುರಿಗೇ ಹರಿದು ಕೈಗೆ ಕೊಡುತ್ತಿದ್ದ. ಅಜ್ಜ ಆ ಚೂರುಗಳನ್ನು ಮನೆಗೆ ತಂದು ಅಜ್ಜಿಗೆ ತೋರಿಸಿ ಒಲೆಗೆ ಹಾಕುತ್ತಿದ್ದನಂತೆ. ಅಲ್ಲಿಗೆ ಸಾಲ ಸತ್ತಿತು, ಅನುಮಾನವಿಲ್ಲ. ಈಗ ಹರಿಯುವುದಕ್ಕೆ ಕಾಗದವೇ ಇಲ್ಲ. ಕ್ರೆಡಿಟ್ ರಿಪೋರ್ಟ್ ಬರೆಯುವ ನಾಲ್ಕು ಕಂಪನಿಗಳ ಕಂಪ್ಯೂಟರಿನಲ್ಲಿ ನಮ್ಮ ಸಾಲದ ಜಾತಕವಿದೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್. ನಾವು ಎಲ್ಲವನ್ನೂ 'ಸಿಬಿಲ್' ಎನ್ನುತ್ತೇವೆ, ಯಾವ ವನಸ್ಪತಿಯಾದರೂ 'ಡಾಲ್ಡಾ' ಎಂದಂತೆ. ಸಾಲ ಕೊಡುವವನು ನಾಲ್ಕರಲ್ಲಿ ಯಾವ ಜಾತಕ ತೆಗೆದು ನೋಡುತ್ತಾನೋ ಅವನಿಷ್ಟ.

ಕಥೆಗೆ ಬರೋಣ. ಆಫೀಸಿನ ಹುಡುಗ ಒಳ್ಳೆಯವನು, ನಮ್ಮ ಕಡೆಯವನೇ. 'ಸರ, ಯಾಕ ತಲಿ ಕೆಡಿಸ್ಕೊಂತೀರಿ. ಆರ್ನೂರು ಕೊಡ್ರಿ, ಉಳಿದದ್ದು ಬಿಟ್ಟು ಸೆಟಲ್ ಮಾಡಿಬಿಡೋಣು' ಎಂದ. 580 ಉಳಿಯಿತೆಂದು ನಮಗೆ ಖುಷಿ. ಮಾರ್ಚ್ 24ರಂದು ಆರುನೂರು ಕಟ್ಟಿ, ರಸೀದಿ ತೆಗೆದುಕೊಂಡು, ದಾರಿಯಲ್ಲಿ ಕಬ್ಬಿನಹಾಲು ಕುಡಿದು ಬಂದೆವು.

ಇಲ್ಲಿ ಆ ಪದದ ಬಗ್ಗೆ ಸ್ವಲ್ಪ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮ ಸೀಮೆಯಲ್ಲಿ 'ಸೆಟಲ್' ಎಂದರೆ ಶುಭ. ಜಗಳ ಸೆಟಲ್ ಆಯಿತೆಂದರೆ ಇಬ್ಬರೂ ಚಹಾ ಕುಡಿದರು. ಹೊಲದ ವ್ಯಾಜ್ಯ ಸೆಟಲ್ ಆಯಿತೆಂದರೆ ವಕೀಲರಿಗೆ ಮಾತ್ರ ದುಃಖ. ಇನ್ನು ಹೆಣ್ಣು ಕೊಡುವವರು ಕೇಳುವ ಮೊದಲ ಪ್ರಶ್ನೆಯೇ 'ಹುಡುಗ ಸೆಟಲ್ ಆಗ್ಯಾನೇನ್ರಿ?' ಇಂಥ ಮಂಗಳಕರ ಪದಕ್ಕೆ ಕ್ರೆಡಿಟ್ ರಿಪೋರ್ಟಿನಲ್ಲಿ ಮಾತ್ರ ಒಂದೇ ಅರ್ಥ: ಇವನು ಪೂರ್ತಿ ಕೊಡಲಿಲ್ಲ, ಸಿಕ್ಕಷ್ಟಕ್ಕೆ ನಾವು ಕೈತೊಳೆದುಕೊಂಡೆವು. ಮುಂದೆ ಸಾಲ ಕೊಡುವವನಿಗೆ ಅದು ಎಚ್ಚರಿಕೆಯ ಗಂಟೆ. ಬಿಟ್ಟದ್ದು ಐದು ಲಕ್ಷವೋ 580 ರೂಪಾಯಿಯೋ, ಹಣೆಪಟ್ಟಿ ಅದೇ. ಅದು ವರ್ಷಗಟ್ಟಲೆ ಅಳಿಸುವುದೂ ಇಲ್ಲ.

ಏಪ್ರಿಲ್ ಕೊನೆಗೆ ನೋಡಿದರೆ ನಾಲ್ಕೂ ರಿಪೋರ್ಟಿನಲ್ಲಿ Settled. ಕಂಪನಿ ಕೊಟ್ಟ ಪತ್ರವನ್ನು ಆಗ ಸರಿಯಾಗಿ ಓದಿದೆವು. ಬಾಕಿ ಇಲ್ಲ ಎಂದು ಅದರಲ್ಲಿ ಎಲ್ಲೂ ಇಲ್ಲ. 'ಒಪ್ಪಂದದ ಮೊತ್ತ ಸ್ವೀಕರಿಸಲಾಗಿದೆ' ಎಂದಿತ್ತು. ಲೆಟರ್‌ಹೆಡ್ಡು, ಸೀಲು, ಸಹಿ ಎಲ್ಲ ಲಕಲಕ. ನಾವು ನೋಡಿದ್ದು ಸೀಲನ್ನು ಮಾತ್ರ.

ಮತ್ತೆ ಹೋದೆವು. ಬಿಟ್ಟ 580ನ್ನೂ ತೆಗೆದುಕೊಳ್ಳಿ ಎಂದರೆ ಕೌಂಟರಿನವರು ನಮ್ಮನ್ನು ವಿಚಿತ್ರವಾಗಿ ನೋಡಿದರು. ಮನ್ನಾ ಆದ ದುಡ್ಡನ್ನು ಕೊಡಲು ಬಂದು ಜಗಳವಾಡುವ ಗಿರಾಕಿಯನ್ನು ಅವರು ಕಂಡಿರಲಿಕ್ಕಿಲ್ಲ. ಮೇಲಿನವರ ಒಪ್ಪಿಗೆ ಬರಬೇಕಂತೆ. ಬಂತು. ಮೇ 5ಕ್ಕೆ ಕಟ್ಟಿ, ಈ ಸಲ ನೋ ಡ್ಯೂ ಪತ್ರವನ್ನು ಅಲ್ಲೇ ನಿಂತು ಅಕ್ಷರ ಅಕ್ಷರ ಓದಿದೆ: ಹೆಸರು, ಸಾಲದ ನಂಬರು, ಪೂರ್ತಿ ಪಾವತಿಯಾಗಿದೆ, ಯಾವ ಬಾಕಿಯೂ ಇಲ್ಲ, ಖಾತೆ ಮುಚ್ಚಿದ ತಾರೀಖು. ಸಾಲದ ನಂಬರಿನಲ್ಲಿ ಒಂದಂಕಿ ತಪ್ಪಿತ್ತು, ಮತ್ತೆ ಪ್ರಿಂಟ್ ಹಾಕಿಸಿದೆ. ಆರ್‌ಸಿಯಿಂದ ಫೈನಾನ್ಸ್ ಹೆಸರು ತೆಗೆಸಲು ಫಾರಂ 35 ಎರಡು ಪ್ರತಿ ಮತ್ತು ಎನ್‌ಒಸಿ ಬೇರೆಯೇ ಬೇಕು. ಅದನ್ನೂ ಕೇಳಿ ತಂದೆವು. ಕೊಪ್ಪಳದ ಆರ್‌ಟಿಒ ಪುರಾಣ ಇನ್ನೊಂದು ವಾರಕ್ಕೆ.

ರಿಪೋರ್ಟ್ ಮರುದಿನವೇ ಬದಲಾಗುವುದಿಲ್ಲ. 2025ರ ಜನವರಿಯಿಂದ ಬಂದಿದ್ದ ಆಗಿನ ನಿಯಮದ ಪ್ರಕಾರ ಸಾಲ ಕೊಟ್ಟವರು ತಿಂಗಳ 15ಕ್ಕೊಮ್ಮೆ, ಕೊನೆಯ ದಿನಕ್ಕೊಮ್ಮೆ ಇರುವ ಲೆಕ್ಕವನ್ನು ಏಳು ದಿನದೊಳಗೆ ಆ ನಾಲ್ಕು ಕಂಪನಿಗಳಿಗೆ ಕಳಿಸಬೇಕಿತ್ತು. ಮೇ 5ರ ಪಾವತಿ 15ರ ಲೆಕ್ಕಕ್ಕೆ ಬಂದು 22ರೊಳಗೆ ಹೋಗಬೇಕಿತ್ತು. ಅದಕ್ಕೆ ಮೊದಲು ಇಣುಕಿ ನೋಡಿ ಎದೆ ಒಡೆದುಕೊಳ್ಳುವುದು ವ್ಯರ್ಥ. ಖರ್ಚೂ ಹೌದು: ಪ್ರತಿ ಕಂಪನಿಯೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಬಿಟ್ಟಿ ಕೊಡಬೇಕು, ಆ ನಾಲ್ಕನ್ನೂ ನಾವು ಏಪ್ರಿಲ್‌ನಲ್ಲೇ ಖಾಲಿ ಮಾಡಿದ್ದೆವು. ಮೇ 31ಕ್ಕೆ ದುಡ್ಡು ಕೊಟ್ಟು ನೋಡಿದೆವು. ಮೂರರಲ್ಲಿ Closed, ಬಾಕಿ ಸೊನ್ನೆ, Date Closed ಎದುರು ತಾರೀಖು. ನಾಲ್ಕನೆಯದರಲ್ಲಿ ಇನ್ನೂ Settled. ಮ್ಯಾನೇಜರ್ ನೋಡುವುದು ಯಾವುದನ್ನು ಅಂತೀರಿ? ನಾಲ್ಕನೆಯದನ್ನೇ.

ಜೂನ್ 2ಕ್ಕೆ ಆ ನಾಲ್ಕನೆಯ ಜಾತಕದ ಕಂಪನಿಯ ವೆಬ್‌ಸೈಟಿನಲ್ಲೇ ದೂರು ಹಾಕಿದೆವು, ನೋ ಡ್ಯೂ ಪತ್ರ, ರಸೀದಿ ಲಗತ್ತಿಸಿ. ಜಾತಕ ಬರೆದವರು ತಾವಾಗಿ ಒಂದಕ್ಷರ ತಿದ್ದುವುದಿಲ್ಲ; ಸಾಲ ಕೊಟ್ಟವನು ಹೂಂ ಎನ್ನಬೇಕು. ಹಾಗೆ ಹೇಳಲು ಸಾಲ ಕೊಟ್ಟವನಿಗೆ 21 ದಿನ, ದೂರು ಮುಗಿಸಲು ಒಟ್ಟು 30 ದಿನ. ಜುಲೈ 2 ದಾಟಿತು. ಕೇಳಿದರೆ ಜಾತಕದವರು 'ಅವರು ಕಳಿಸಿಲ್ಲ' ಎಂದರು, ಸಾಲ ಕೊಟ್ಟವರು 'ನಾವು ಕಳಿಸಿದ್ದೇವೆ' ಎಂದರು. ಬೀಗರ ನಡುವಿನ ಪತ್ರವ್ಯವಹಾರ ಇದ್ದಂತೆ. ಕೊನೆಗೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡುತ್ತೇವೆಂದು ಇಬ್ಬರಿಗೂ ಒಂದೇ ಮೇಲ್ ಹಾಕಿದೆವು. ಜುಲೈ 15ಕ್ಕೆ Closed ಆಯಿತು.

ಹದಿಮೂರು ದಿನ ತಡ. ನೂರರಂತೆ ಸಾವಿರದ ಮುನ್ನೂರು. ದೂರಿನಲ್ಲಿ ಬ್ಯಾಂಕ್ ಖಾತೆಯ ನಂಬರು ಬರೆದಿದ್ದರಿಂದ ದುಡ್ಡು ನೇರವಾಗಿ ಬಂತು. ಹುಡುಗ ಈ ಸಲ ಪೇಡೆ ತರಲಿಲ್ಲ. ಐದು ಸಲ ಆಫೀಸಿಗೆ ಓಡಾಡಿದ್ದಾನೆ, ಐದು ದಿನದ ಬಾಡಿಗೆ ಬಿಟ್ಟಿದ್ದಾನೆ. ಮಾರ್ಚ್‌ನಲ್ಲಿ ನೋಡಿಟ್ಟಿದ್ದ ಸೆಕೆಂಡ್ ಹ್ಯಾಂಡ್ ಆಟೋ ಏಪ್ರಿಲ್‌ನಲ್ಲೇ ಬೇರೆಯವರ ಪಾಲಾಯಿತು. ಹಿಂಗಾರು ಭತ್ತದ ಸೀಸನ್ನು ಪೂರ್ತಿ ಮತ್ತೆ ಮಿಲ್ಲಿನವರ ಆಟೋದಲ್ಲೇ ಹೋಯಿತು. ಪೈಸೆ ಪೈಸೆ ಕಟ್ಟಿದವನು ತಾನು ಕಟ್ಟಿದ್ದೇನೆಂದು ಸಾಬೀತು ಮಾಡಲು ಐದು ತಿಂಗಳು ಅಲೆಯಬೇಕು. ತಪ್ಪು ಬರೆದವರು ಕೂತಲ್ಲಿಂದ ಏಳಲಿಲ್ಲ. ಇದನ್ನು ಬರೆಯುವಾಗ ನಗು ಬರುತ್ತಿಲ್ಲ, ಕ್ಷಮಿಸಿ.

ಮೊನ್ನೆ ಕಾರಟಗಿ ಕಡೆಯಿಂದ ಹೆಣ್ಣಿನವರು ಬಂದಿದ್ದರು. ಒಗ್ಗರಣಿ ತಿಂದು, ಕೈ ಒರೆಸಿಕೊಂಡು, ಹೆಣ್ಣಿನ ತಂದೆ ಶುರು ಮಾಡಿದರು: 'ಹುಡುಗ ಸೆಟಲ್ ಆಗ್ಯಾನೇನ್ರಿ?'

ಅಳಿಯ ಒಳಗಿನಿಂದ ಓಡಿಬಂದ. 'ಇಲ್ರಿ ಇಲ್ರಿ! ಅದನ್ನ ತೆಗಿಸೇನ್ರಿ, ಈಗ ಕ್ಲೋಸ್ ಆಗೇನ್ರಿ.'