ಸ್ಪಷ್ಟನೆ: ನಿಧಾನವಾಗಿ ಏರುವ ಸಪ್ಲೈಗೆ ಆರ್‌ಸಿ ರೀಸೆಟ್ ಸಾಲದು

"ರೀಸೆಟ್ ಪಿನ್‌ಗೆ 10 ಕಿಲೋಓಮ್ ರೆಸಿಸ್ಟರ್, 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಪವರ್ ಹೇಗೆ ಬಂದರೂ ಚಿಪ್ ಸರಿಯಾಗಿ ಶುರುವಾಗುತ್ತೆ."

ಇದು ತಪ್ಪು. ಸಪ್ಲೈ ಥಟ್ಟನೆ ಏರಿದರೆ ಮಾತ್ರ ಈ ಜೋಡಿ ಕೆಲಸ ಮಾಡುತ್ತದೆ. ಇದರ ಟೈಮ್ ಕಾನ್ಸ್ಟಂಟ್ ಬರೀ 1 ಮಿಲಿಸೆಕೆಂಡ್. ಚಿಕ್ಕ ಸೋಲಾರ್ ಪ್ಯಾನೆಲ್ ದೊಡ್ಡ ಕೆಪಾಸಿಟರ್ ತುಂಬಿಸುತ್ತಿದೆ, 5 ವೋಲ್ಟ್ ಆಗಲು ಅರ್ಧ ಸೆಕೆಂಡ್ ಬೇಕು ಅಂದುಕೊಳ್ಳಿ. ಆಗ ರೀಸೆಟ್ ಪಿನ್ ಸಪ್ಲೈಗಿಂತ ಹಿಂದೆ ಉಳಿಯುವುದು ಸುಮಾರು 10 ಮಿಲಿವೋಲ್ಟ್ ಅಷ್ಟೇ. ಸ್ಕೋಪ್‌ನಲ್ಲಿ ಎರಡೂ ಗೆರೆ ಒಂದರ ಮೇಲೊಂದು ಕೂತಿರುತ್ತವೆ. ಅಂದರೆ ರೀಸೆಟ್ ಆಗಲೇ ಇಲ್ಲ, ಅಲ್ವಾ?

ATmega328P ತೆಗೆದುಕೊಳ್ಳಿ. ಒಳಗಿನ ಪವರ್-ಆನ್ ರೀಸೆಟ್ ಸುಮಾರು 1.4 ವೋಲ್ಟ್‌ಗೇ ಬಿಟ್ಟುಬಿಡುತ್ತದೆ. ಆಮೇಲೆ 65 ಮಿಲಿಸೆಕೆಂಡ್ ಕಾದರೂ ವೋಲ್ಟೇಜ್ 2ರ ಆಸುಪಾಸು. 16 ಮೆಗಾಹರ್ಟ್ಸ್‌ಗೆ ಬೇಕಾದದ್ದು ಸುಮಾರು 3.8. ಈ ನಡುವೆ ಚಿಪ್ ತಪ್ಪು ಇನ್‌ಸ್ಟ್ರಕ್ಷನ್ ಓಡಿಸಬಹುದು, ಹ್ಯಾಂಗ್ ಆಗಬಹುದು. ನನಗೆ ಜಾಸ್ತಿ ಭಯ EEPROM ಕೆಡುವುದರದ್ದು, ಅದು ರೀಸೆಟ್ ಒತ್ತಿದರೂ ಸರಿಹೋಗಲ್ಲ.

ಬ್ರೌನ್-ಔಟ್ ಡಿಟೆಕ್ಟರನ್ನು 4.3 ವೋಲ್ಟ್‌ಗೆ ಇಡಿ:

```
avrdude -c usbasp -p m328p -U efuse:w:0xFC:m
```

ಅದು ಸಮಯ ಎಣಿಸುವುದಿಲ್ಲ, ವೋಲ್ಟೇಜನ್ನೇ ನೋಡುತ್ತದೆ. 3.3 ವೋಲ್ಟ್ ಬೋರ್ಡ್‌ಗೆ ಮಾತ್ರ ಇದನ್ನು ಹಾಕಬೇಡಿ, ಚಿಪ್ ರೀಸೆಟ್‌ನಿಂದ ಹೊರಗೇ ಬರುವುದಿಲ್ಲ.