ಹಿಮ್ಮಡಿಗೂ ಸಮವಸ್ತ್ರ

ಶಾಲೆಯಲ್ಲಿ ಶಿಸ್ತು ಅಳೆಯಲು ಎಲ್ಲಕ್ಕಿಂತ ಸುಲಭವಾದ ಜಾಗ ಕಾಲು. ತಲೆಯೊಳಗೆ ಏನಿದೆ ಅಂತ ತಿಳಿಯಲು ವರ್ಷದ ಕೊನೆಯ ಪರೀಕ್ಷೆವರೆಗೆ ಕಾಯಬೇಕು, ಕಾಲಿಗೆ ಏನು ಹಾಕಿದೆ ಅಂತ ಗೇಟಿನಲ್ಲೇ ಗೊತ್ತಾಗುತ್ತದೆ. ಅದಕ್ಕೇ, ‘ಮಗಳಿಗೆ ಹಿಮ್ಮಡಿ ನೋವು, ಬೇರೆ ಶೂ ಹಾಕಿಕೊಳ್ಳಲು ಅನುಮತಿ ಕೊಡಿ’ ಎಂಬ ಎರಡು ಸಾಲಿನ ಚೀಟಿ ಆಫೀಸಿನ ಮೇಜಿಗೆ ಬಂದರೆ, ಯಾರೋ ದಂಗೆ ಎದ್ದಿದ್ದಾರೆ ಎನ್ನುವ ಹಾಗೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಹುಡುಗಿಗೆ ಹತ್ತು ವರ್ಷ, ಐದನೇ ಕ್ಲಾಸು ಅಂತಿಟ್ಟುಕೊಳ್ಳಿ. ಓಡಿದ ಮೇಲೆ ಹಿಮ್ಮಡಿ ನೋವು. ಕೂತು ಎದ್ದ ತಕ್ಷಣದ ನಾಲ್ಕು ಹೆಜ್ಜೆ ತುದಿಗಾಲಲ್ಲಿ. ವೈದ್ಯರು ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಡಿದು ಒತ್ತಿದರೆ ಕಿರುಚುತ್ತಾಳೆ. ಇದಕ್ಕೆ ಸೆವರ್ಸ್ ಎಂದು ಹೆಸರು. 1912ರಲ್ಲಿ ಜೇಮ್ಸ್ ಸೆವರ್ ಎಂಬ ವೈದ್ಯರು ಇದನ್ನು ವಿವರಿಸಿ ಬರೆದರು. ಹೆಸರಿನ ಜತೆ ‘ಕಾಯಿಲೆ’ ಎಂಬ ಬಾಲ ಅಂಟಿಕೊಂಡಿದ್ದರೂ ಇದು ಅಂಟುವ ರೋಗವಲ್ಲ. ಪಕ್ಕದ ಬೆಂಚಿಗೂ ಹರಡುತ್ತದಾ ಎಂದು ಕೇಳುವವರು ಇರುವುದರಿಂದ ಇಷ್ಟು ಹೇಳಬೇಕಾಯಿತು.

ನಡೆಯುವುದು ಇಷ್ಟೇ. ಈ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಹಿಂಭಾಗ ಇನ್ನೂ ಪೂರ್ತಿ ಕೂಡಿಕೊಂಡಿರುವುದಿಲ್ಲ, ನಡುವೆ ಮೆತ್ತಗಿನ ಮೃದ್ವಸ್ಥಿಯ ಒಂದು ಪದರ ಇರುತ್ತದೆ. ಮಗು ದಿಢೀರನೆ ಎತ್ತರವಾದಾಗ ಮೂಳೆ ಮುಂದೆ ಓಡಿ, ಮೀನಖಂಡದ ಸ್ನಾಯು ಹಿಂದೆ ಉಳಿದು ಬಿಗಿಯಾಗುತ್ತದೆ. ಆ ಬಿಗಿ ಅಕಿಲಿಸ್ ಸ್ನಾಯುರಜ್ಜುವಿನ ಮೂಲಕ ನೇರವಾಗಿ ಆ ಪದರವನ್ನೇ ಜಗ್ಗುತ್ತದೆ. ಹಿಮ್ಮಡಿ ತಗ್ಗಿದಷ್ಟೂ ಜಗ್ಗಾಟ ಹೆಚ್ಚು, ಏರಿದಷ್ಟೂ ಕಡಿಮೆ. ಇನ್ನು ಸಮವಸ್ತ್ರದ ಕಪ್ಪು ಶೂ ತಿರುಗಿಸಿ ನೋಡಿ. ಅಟ್ಟೆ ಹಿಂದೆ ಮುಂದೆ ಹೆಚ್ಚುಕಡಿಮೆ ಒಂದೇ ಮಟ್ಟ, ಕೆಳಗೆ ಹಲಗೆಯಷ್ಟು ಗಟ್ಟಿ, ಹಿಂದಿನ ಅಂಚು ಸರಿಯಾಗಿ ನೋಯುವ ಜಾಗಕ್ಕೇ ಒತ್ತುತ್ತದೆ. ಇಷ್ಟು ಕರಾರುವಾಕ್ಕಾಗಿ ನೋವನ್ನು ಹುಡುಕಿಕೊಂಡು ಹೋಗುವ ವಸ್ತುವನ್ನು ಬೇಕೆಂದೇ ಮಾಡಿಸಿದರೂ ಹೀಗೆ ಬರುವುದು ಕಷ್ಟ.

ಶಾಲೆಯ ಮೊದಲ ಪ್ರಶ್ನೆ: ಎಕ್ಸ್‌ರೇ ಎಲ್ಲಿ?

ಇಲ್ಲೇ ಪೋಷಕರು ಸಿಕ್ಕಿಬೀಳುವುದು. ಸೆವರ್ಸ್ ಗೊತ್ತಾಗುವುದು ಒತ್ತಿ ನೋಡಿ, ಕೇಳಿ ತಿಳಿದು. ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆಯ ಆ ಕೂಡಿಕೊಳ್ಳದ ಹಿಂಭಾಗ ಒಡೆದ ಹಾಗೆ, ಬೆಳ್ಳಗೆ ಕಾಣಿಸಬಹುದು. ಆದರೆ ನೋವೇ ಇಲ್ಲದ ಮಕ್ಕಳಲ್ಲೂ ಅದು ಹಾಗೇ ಕಾಣುತ್ತದೆ. ಎಕ್ಸ್‌ರೇ ತೆಗೆಸಿದರೂ ಅದು ಬೇರೆ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ವರದಿಯಲ್ಲಿ ‘ತೊಂದರೆ ಕಾಣುವುದಿಲ್ಲ’ ಎಂದು ಬರೆದಿದ್ದರೆ ಆಫೀಸಿನವರಿಗೆ ಹಬ್ಬ: ಮೂಳೆ ಸರಿಯಿದೆಯಲ್ಲ, ಹಾಗಿದ್ದರೆ ಶೂ ಹಾಕಿಕೊಳ್ಳಲಿ.

ಎರಡನೇ ಅಸ್ತ್ರ ‘ವಿಶ್ರಾಂತಿ’. ವೈದ್ಯರು ಅವಸರದಲ್ಲಿ ‘ಹಿಮ್ಮಡಿ ನೋವು, ವಿಶ್ರಾಂತಿ ಬೇಕು’ ಎಂದು ಗೀಚಿಕೊಟ್ಟರೆ, ವಿಶ್ರಾಂತಿ ಅಂದರೆ ರಜೆ ಅಂತ ಶಾಲೆ ಓದಿಕೊಳ್ಳುತ್ತದೆ. ಮನೆಯಲ್ಲೇ ಇಟ್ಟುಕೊಳ್ಳಿ, ಗುಣವಾದ ಮೇಲೆ ಕಳಿಸಿ ಎನ್ನುತ್ತದೆ. ಈ ನೋವು ಕೆಲವು ವಾರದಿಂದ ಕೆಲವು ತಿಂಗಳವರೆಗೂ ಇರಬಹುದು, ಆ ಪದರ ಕೂಡಿಕೊಳ್ಳುವವರೆಗೆ ಮತ್ತೆ ಮತ್ತೆ ಬರಲೂಬಹುದು. ಕೂಡಿಕೊಳ್ಳುವುದು ಸುಮಾರು ಹದಿನಾಲ್ಕು, ಹದಿನೈದರ ಹೊತ್ತಿಗೆ. ಐದನೇ ಕ್ಲಾಸಿನಿಂದ ನೇರ ಒಂಬತ್ತಕ್ಕೆ ಹಾಜರಾದರೆ ಶಾಲೆಗೆ ಒಪ್ಪಿಗೆಯೋ ಏನೋ.

ಮೂರನೆಯದು ರಾಜಿಸೂತ್ರ: ಸಮವಸ್ತ್ರದ ಶೂ ಒಳಗೇ ಒಂದು ಮೆತ್ತೆ ಇಟ್ಟುಬಿಡಿ. ಕೇಳಲು ಎಷ್ಟು ಚೆನ್ನಾಗಿದೆ. ಹತ್ತು ಮಿಲಿಮೀಟರ್ ಮೆತ್ತೆ ಇಟ್ಟರೆ ಹಿಮ್ಮಡಿ ಅಷ್ಟೇ ಮೇಲೇರುತ್ತದೆ, ಶೂವಿನ ಹಿಂಗೋಡೆ ಇದ್ದಲ್ಲೇ ಇರುತ್ತದೆ. ಹೆಜ್ಜೆಹೆಜ್ಜೆಗೂ ಹಿಮ್ಮಡಿ ಜಾರಿ ಹೊರಬರುತ್ತದೆ, ಶೂ ಬಿಟ್ಟುಹೋಗದಿರಲೆಂದು ಮಗು ಬೆರಳುಗಳಿಂದ ಅಟ್ಟೆಯನ್ನು ಕಚ್ಚಿ ಹಿಡಿಯುತ್ತದೆ, ಸಂಜೆಗೆ ಹಿಂಭಾಗದಲ್ಲಿ ಬೊಕ್ಕೆ. ನೋವು ಒಂದಿದ್ದದ್ದು ಎರಡಾಯಿತು. ಒಳಗಿನ ಅಟ್ಟೆ ತೆಗೆಯಲು ಬರುವ, ಹಿಂಗೋಡೆ ಎತ್ತರವಿರುವ ಶೂ ಆದರೆ ಮಾತ್ರ ಮೆತ್ತೆ ನಿಲ್ಲುತ್ತದೆ. ನೋವು ಒಂದೇ ಕಾಲಲ್ಲಿದ್ದರೂ ಮೆತ್ತೆ ಎರಡೂ ಕಾಲಿಗೆ ಬೇಕು, ಇಲ್ಲವಾದರೆ ಮಗು ಒಂದು ಕಡೆ ವಾಲಿಕೊಂಡು ನಡೆಯುತ್ತದೆ. ತೀರಾ ಮೃದುವಾದ ಸ್ಪಂಜಿನದ್ದು ಕೆಲವೇ ವಾರದಲ್ಲಿ ಅಪ್ಪಚ್ಚಿಯಾಗುತ್ತದೆ. ಹೆಬ್ಬೆರಳಲ್ಲಿ ಒತ್ತಿ ಬಿಟ್ಟಾಗ ಮೇಲೇಳದಿದ್ದರೆ ಅದರ ಕಾಲ ಮುಗಿಯಿತು.

ಕೊನೆಗೆ ಕರುಣೆ ಉಕ್ಕುತ್ತದೆ: ಪಾಪ, ಚಪ್ಪಲಿಯಲ್ಲೇ ಬರಲಿ ಬಿಡಿ! ಇದು ನಿರಾಕರಣೆಗಿಂತ ಅಪಾಯ. ತೆಳು ಚಪ್ಪಲಿಯಲ್ಲಿ, ಬರಿಗಾಲಲ್ಲಿ ಹಿಮ್ಮಡಿ ಪೂರ್ತಿ ನೆಲಕ್ಕಿಳಿಯುತ್ತದೆ, ಜಗ್ಗಾಟ ಗರಿಷ್ಠಕ್ಕೆ ಏರುತ್ತದೆ. ನಿಯಮ ಮುರಿದ ಪುಣ್ಯವೂ ಶಾಲೆಗೆ ಬಂತು, ನೋವು ಹೆಚ್ಚಿಸಿದ ಕೀರ್ತಿಯೂ ಬಂತು.

ಹಾಗಾಗಿ ಚೀಟಿ ಬರೆಯುವವರು ಈ ನಾಲ್ಕೂ ಬಾಗಿಲನ್ನು ಮೊದಲೇ ಮುಚ್ಚಿಕೊಂಡು ಬರೆಯಬೇಕು. ಹೀಗೆ:

‘ಮಾನ್ಯ ಮುಖ್ಯೋಪಾಧ್ಯಾಯರಿಗೆ, ಐದನೇ ತರಗತಿಯ ನನ್ನ ಮಗಳಿಗೆ ಎರಡೂ ಹಿಮ್ಮಡಿಯಲ್ಲಿ ಸೆವರ್ಸ್ ಎಂಬ, ಬೆಳೆಯುವ ವಯಸ್ಸಿನ ನೋವು ಇದೆ. ವೈದ್ಯರ ಪತ್ರ ಲಗತ್ತಿಸಿದ್ದೇನೆ. ಬರುವ ಸೋಮವಾರದಿಂದ ಮೂರು ತಿಂಗಳು ಅವಳು ಮೇಲ್ಭಾಗ, ಅಟ್ಟೆ, ಲೇಸು ಮೂರೂ ಕಪ್ಪಾಗಿರುವ ಓಟದ ಶೂ ಧರಿಸಲು ಅನುಮತಿ ಕೊಡಬೇಕು. ಒಳಗೆ ಹಿಮ್ಮಡಿ ಮೆತ್ತೆ ಇರುತ್ತದೆ. ಬರಿಗಾಲಿನ ಚಟುವಟಿಕೆ ಮತ್ತು ಚಪ್ಪಲಿ ಬೇಡ. ತರಗತಿಗೂ ಆಟಕ್ಕೂ ಬರುತ್ತಾಳೆ. ಓಡುವಾಗ, ಜಿಗಿಯುವಾಗ ನೋವು ಬಂದರೆ ನಿಲ್ಲಿಸಲು ಅವಳಿಗೆ ಅವಕಾಶವಿರಲಿ. ಮೂರು ತಿಂಗಳಾದ ಮೇಲೆ ವೈದ್ಯರು ಹೇಳಿದ್ದನ್ನು ತಿಳಿಸುತ್ತೇನೆ.’

ವೈದ್ಯರ ಪತ್ರದಲ್ಲೂ ಇದೇ ಮಾತು ಇದೇ ಕ್ರಮದಲ್ಲಿ ಇರಲಿ, ವಿಶ್ರಾಂತಿ ಎಂಬ ಪದ ಮಾತ್ರ ಬೇಡ. ಕಪ್ಪು ಎಂಬ ಒಂದು ಪದ ವೈದ್ಯರ ಸಹಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಶಾಲೆಗೆ ಬೇಕಾಗಿರುವುದು ಬಣ್ಣ, ಮಗುವಿಗೆ ಬೇಕಾಗಿರುವುದು ಎತ್ತರ, ಎರಡಕ್ಕೂ ಜಗಳವೇ ಇಲ್ಲ. ಪತ್ರದ ಒಂದು ನಕಲನ್ನು ಡೈರಿಗೆ ಅಂಟಿಸಿ, ಯಾಕೆಂದರೆ ಮುಖ್ಯೋಪಾಧ್ಯಾಯರು ಒಪ್ಪಿದ್ದು ಗೇಟಿನವರಿಗೆ ತಲುಪುವ ಹೊತ್ತಿಗೆ ಮಗುವಿನ ಕಾಲು ಒಂದು ಸೈಜು ಬೆಳೆದಿರುತ್ತದೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಊತ ಇದ್ದರೆ ಮಾತ್ರ ಚೀಟಿ ಗೀಟಿ ಬದಿಗಿಟ್ಟು ಮತ್ತೆ ವೈದ್ಯರ ಹತ್ತಿರ ಹೋಗಿ. ಅದು ಸೆವರ್ಸ್ ಆಗಿರಲಿಕ್ಕಿಲ್ಲ.

ಇಷ್ಟೆಲ್ಲ ಆದ ಮೇಲೆ ಉತ್ತರ ಬರುತ್ತದೆ, ಮೊಹರು ಒತ್ತಿದ್ದು. ವಿಶೇಷ ಪ್ರಕರಣವೆಂದು ಪರಿಗಣಿಸಿ ಅನುಮತಿ ನೀಡಲಾಗಿದೆ, ಇದನ್ನು ಪೂರ್ವನಿದರ್ಶನವಾಗಿ ಭಾವಿಸತಕ್ಕದ್ದಲ್ಲ. ಕೆಳಗೆ ಸಣ್ಣಕ್ಷರದಲ್ಲಿ ಒಂದು ಷರತ್ತು: ಅತಿಥಿಗಳು ಬರುವ ದಿನ ವಿದ್ಯಾರ್ಥಿನಿ ಕಡ್ಡಾಯವಾಗಿ ಸಮವಸ್ತ್ರದ ಶೂ ಧರಿಸಿರಬೇಕು.

ಅತಿಥಿಗಳು ಬರುವುದು ವರ್ಷಕ್ಕೆ ಒಂದೇ ದಿನ. ಕ್ರೀಡಾಕೂಟಕ್ಕೆ.